ಒಂದೇ ಸಿನಿಮಾ, ಒಂದು ಕಡೆ 12ಎ, ಇನ್ನೊಂದು ಕಡೆ ಆರ್: ಬೈಗುಳ ತೂಗೋದು ಹೇಗೆ?

ವಿನಯಾ_ಎಸ್

ಮೊನ್ನೆ ‘ದಿ ಕಿಂಗ್ಸ್ ಸ್ಪೀಚ್’ ನೋಡೋಣ ಅಂತ ಮಗಳ ಜೊತೆ ಕೂತಿದ್ದೆ. ಅವಳಿಗೆ 12 ವರ್ಷ. ಶುರು ಮಾಡುವ ಮುಂಚೆ ರೇಟಿಂಗ್ ನೋಡುವುದು ನನ್ನ ಅಭ್ಯಾಸ. ಬ್ರಿಟನ್ನಿನ ಮಂಡಳಿ ಇದಕ್ಕೆ 12ಎ ಕೊಟ್ಟಿದೆ. ಅಂದರೆ 12 ತುಂಬದ ಮಕ್ಕಳೂ ದೊಡ್ಡವರ ಜೊತೆ ಥಿಯೇಟರಿಗೆ ಹೋಗಬಹುದು. ಅಮೆರಿಕದಲ್ಲಿ ಇದೇ ಸಿನಿಮಾಕ್ಕೆ ಆರ್. ಅಂದರೆ 17 ಆಗದವರು ಅಪ್ಪ ಅಮ್ಮನೋ ಪೋಷಕರೋ ಜೊತೆಗಿಲ್ಲದೆ ಒಳಗೆ ಹೋಗುವಂತಿಲ್ಲ.

ಹೊಡೆದಾಟ ಇಲ್ಲ, ರಕ್ತ ಇಲ್ಲ, ಹಾಸಿಗೆ ದೃಶ್ಯ ಇಲ್ಲ. ತೊದಲುವ ಒಬ್ಬ ರಾಜ, ಅವನಿಗೆ ಮಾತು ಕಲಿಸುವ ಒಬ್ಬ ಚಿಕಿತ್ಸಕ, ಅಷ್ಟೇ ಕಥೆ. ಎರಡು ಕಡೆ ರಾಜ ಒಂದೇ ಉಸಿರಿಗೆ ಬೈಗುಳ ಸುರಿಸುತ್ತಾನೆ. ತಕರಾರು ಇರುವುದು ಅದೊಂದಕ್ಕೇ.

ಪದಗಳು ಅವೇ, ದೃಶ್ಯ ಅದೇ. ಒಬ್ಬರಿಗೆ ನಡೆಯುತ್ತೆ, ಇನ್ನೊಬ್ಬರಿಗೆ ನಡೆಯಲ್ಲ. ಇವರ ಹತ್ತಿರ ಪದಗಳ ಪಟ್ಟಿ ಏನಾದರೂ ಇರುತ್ತಾ? ಕೂತು ಎಣಿಸುತ್ತಾರಾ?

ಗಿರಿ_ರೀಲ್

ಎಣಿಸುತ್ತಾರೆ. ಅಮೆರಿಕದ್ದು ಬಹಳ ಸರಳ. ‘ಎಫ್’ ಪದ ಒಂದು ಸಲ ಬಂದರೆ ಪಿಜಿ-13, ಅಂದರೆ 13 ಆಗದ ಮಕ್ಕಳ ವಿಷಯದಲ್ಲಿ ಅಪ್ಪ ಅಮ್ಮನಿಗೆ ಬರೀ ಎಚ್ಚರಿಕೆ. ಎರಡು ಸಲ ಬಂದರೆ ಆರ್. ಮಾತು ಮುಗಿಯಿತು. ಅದಕ್ಕೇ ದೊಡ್ಡ ಬಜೆಟ್ಟಿನ ಸಿನಿಮಾಗಳಲ್ಲಿ ಆ ಪದ ಸರಿಯಾಗಿ ಒಂದೇ ಸಲ ಬರುತ್ತದೆ. 2011ರ ‘ಎಕ್ಸ್-ಮೆನ್: ಫಸ್ಟ್ ಕ್ಲಾಸ್’ ನೋಡಿ. ವೋಲ್ವರೀನ್ ಬಾರ್‌ನಲ್ಲಿ ಕೂತಿರುತ್ತಾನೆ, ಅದೊಂದು ಮಾತು ಹೇಳುತ್ತಾನೆ, ಮತ್ತೆ ಆ ಸಿನಿಮಾದಲ್ಲಿ ಬರುವುದೇ ಇಲ್ಲ. ಇದ್ದ ಒಂದು ಕೋಟಾ ಅಲ್ಲಿ ಖರ್ಚಾಯಿತು.

ಹಳೇ_ಪ್ರೇಕ್ಷಕ

ಕೊಲೆ ತೋರಿಸಿದರೆ ಪರವಾಗಿಲ್ಲ, ಬೈದರೆ ತಪ್ಪು. ಇದೇ ಇವರ ನ್ಯಾಯ. ನೂರು ಜನ ಸತ್ತ ಸಿನಿಮಾಕ್ಕೆ ಪಿಜಿ-13 ಕೊಟ್ಟು, ತೊದಲುವ ಬಡಪಾಯಿಗೆ ಆರ್ ಕೊಡುತ್ತಾರೆ. ಇಂಥ ಮಂಡಳಿಗಳೇ ಬೇಡ. ಯಾವ ಸಿನಿಮಾವನ್ನೂ ನಿಷೇಧಿಸಬಾರದು.

ವಿನಯಾ_ಎಸ್

ಸರ್, ನಿಷೇಧದ ಬಗ್ಗೆ ನಾನು ಕೇಳಲಿಲ್ಲ. ಯಾರೂ ಇದನ್ನು ನಿಷೇಧಿಸಿಲ್ಲ ಕೂಡ. ವಯಸ್ಸಿನ ಗೆರೆಯನ್ನು ಎಲ್ಲಿ ಎಳೆಯುತ್ತಾರೆ, ಹೇಗೆ ಎಳೆಯುತ್ತಾರೆ ಅಂತ ಕೇಳಿದ್ದು.

ಗಿರಿ ಅವರೇ, ಹಾಗಾದರೆ ಇದು ಬರೀ ಲೆಕ್ಕದ ಕೆಲಸವಾ?

ಡಬ್ಬಿಂಗ್_ಮೇಜು

ಗಿರಿ ಹೇಳಿದ್ದು ಅರ್ಧ ಸರಿ. ನಾನು ಹದಿನೈದು ವರ್ಷದಿಂದ ಸೌಂಡ್ ಎಡಿಟಿಂಗ್ ಮಾಡುತ್ತಿದ್ದೇನೆ. ಹೊರದೇಶಕ್ಕೆ ಹೋಗುವ ಸಿನಿಮಾಗಳಿಗೆ ಬೈಗುಳದ ಲೆಕ್ಕ ಬರೆದು ಕೊಡುವ ಕೆಲಸ ಎಷ್ಟೋ ಸಲ ನನ್ನ ತಲೆಗೇ ಬಂದಿದೆ.

ಅಮೆರಿಕದ ನಿಯಮವನ್ನು ಪೂರ್ತಿ ಓದಿದರೆ ಅದರಲ್ಲಿ ಮೂರು ಮಾತು ಇದೆ. ಜನ ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ.

ಮೊದಲನೆಯದು ಗಿರಿ ಹೇಳಿದ್ದೇ. ಲೈಂಗಿಕ ಮೂಲದ ಒರಟು ಪದ ಒಂದು ಸಲ ಬಂದರೆ ಕನಿಷ್ಠ ಪಿಜಿ-13, ಒಂದಕ್ಕಿಂತ ಜಾಸ್ತಿ ಬಂದರೆ ಆರ್. ಆದರೆ ಆ ‘ಒಂದು ಸಲ’ ಅನ್ನುವುದು ಬರೀ ಉದ್ಗಾರಕ್ಕೆ. ಕಾಲು ಎಡವಿ ಬಾಯಿಂದ ಬಿತ್ತು, ಸಿಟ್ಟಿಗೆ ಬಂತು, ಅಂಥದ್ದಕ್ಕೆ. ಅದೇ ಪದವನ್ನು ಅದರ ನಿಜವಾದ ಅರ್ಥದಲ್ಲಿ, ಅಂದರೆ ಮಲಗುವ ವಿಷಯಕ್ಕೆ ಬಳಸಿದರೆ ಒಂದೇ ಸಲಕ್ಕೂ ಆರ್. ಇದು ಎರಡನೆಯದು. ಹಾಗಾಗಿ ‘ಒಂದು ಸಲ ಫ್ರೀ’ ಅಂತ ನಂಬಿಕೊಂಡು ಸಂಭಾಷಣೆ ಬರೆದವರು ಕೆಲವು ಸಲ ಸಿಕ್ಕಿಹಾಕಿಕೊಳ್ಳುತ್ತಾರೆ.

ಮೂರನೆಯದೇ ಮುಖ್ಯ. ಎಣಿಕೆ ಮೀರಿದರೂ ಮಂಡಳಿಯ ರೇಟರ್‌ಗಳಲ್ಲಿ ಮೂರನೇ ಎರಡು ಭಾಗ ಜನ ಒಪ್ಪಿದರೆ ಪಿಜಿ-13 ಕೊಡಬಹುದು. ಅದಕ್ಕೆ ಅವರು ಕೇಳಿಕೊಳ್ಳುವ ಪ್ರಶ್ನೆ, ‘ಅಮೆರಿಕದ ಬಹುತೇಕ ತಂದೆ ತಾಯಂದಿರು ಇದನ್ನು ಪಿಜಿ-13 ಅಂತ ಒಪ್ಪುತ್ತಾರಾ?’ ಒಪ್ಪಲು ಕಾರಣ ಬೇಕು. ಆ ಪದ ಬಂದ ಸಂದರ್ಭ ಅಥವಾ ಹೇಳಿದ ರೀತಿ ಕಾರಣ ಆಗಬಹುದು. ಕಿವಿಗೆ ಅಷ್ಟಾಗಿ ಬೀಳುವುದಿಲ್ಲ ಅನ್ನುವುದೂ ಆಗಬಹುದು.

ಈ ರೇಟರ್‌ಗಳು ಸಿನಿಮಾ ಪಂಡಿತರಲ್ಲ. ಮಕ್ಕಳಿರುವ ಸಾಮಾನ್ಯ ಪೋಷಕರು. ಸೇರುವಾಗ ಅವರ ಮಕ್ಕಳ ವಯಸ್ಸು 5ರಿಂದ 15ರ ಒಳಗಿರಬೇಕು. ಹಿರಿಯ ರೇಟರ್‌ಗಳನ್ನು ಬಿಟ್ಟರೆ ಉಳಿದವರ ಹೆಸರು ಹೊರಗೆ ಬರುವುದಿಲ್ಲ.

ಗಿರಿ_ರೀಲ್

ಮೂರನೇ ಎರಡರ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ ಅದು ಕಾಗದದ ಮೇಲೆ ಮಾತ್ರ ಅಲ್ವಾ? ಅದರಿಂದ ನಿಜವಾಗಿ ಯಾವುದಾದರೂ ಸಿನಿಮಾ ಪಾರಾಗಿದೆಯಾ?

ಡಬ್ಬಿಂಗ್_ಮೇಜು

ಹೆಸರು ಹೇಳಬಹುದಾದವು ಬಹುಪಾಲು ಮೇಲ್ಮನವಿಯಲ್ಲಿ ಪಾರಾದವು. ಅದು ಬೇರೆ ಮಂಡಳಿ. ಅಲ್ಲೂ ಹಳೆಯ ರೇಟಿಂಗ್ ಬೀಳಿಸಲು ಮೂರನೇ ಎರಡು ಮತ ಬೇಕು.

2005ರಲ್ಲಿ ‘ಗನ್ನರ್ ಪ್ಯಾಲೇಸ್’ ಅಂತ ಒಂದು ಸಾಕ್ಷ್ಯಚಿತ್ರ ಬಂತು. ಇರಾಕಿನಲ್ಲಿದ್ದ ಅಮೆರಿಕದ ಸೈನಿಕರ ದಿನಚರಿ. ಆ ಪದ 40ಕ್ಕೂ ಹೆಚ್ಚು ಸಲ ಬರುತ್ತದೆ. ಮೊದಲು ಆರ್ ಸಿಕ್ಕಿತು. ಮೇಲ್ಮನವಿಯಲ್ಲಿ ಪಿಜಿ-13 ಆಯಿತು. ಯುದ್ಧಭೂಮಿಯಲ್ಲಿ ಸೈನಿಕ ಮಾತಾಡುವುದೇ ಹಾಗೆ, ಅದನ್ನು ಯಾರೋ ಬರೆದುಕೊಟ್ಟಿದ್ದಲ್ಲ ಅನ್ನುವುದು ವಾದ.

ಅದಕ್ಕೂ ಹಿಂದೆ 1976ರಲ್ಲಿ ‘ಆಲ್ ದಿ ಪ್ರೆಸಿಡೆಂಟ್ಸ್ ಮೆನ್’. ಪತ್ರಿಕಾ ಕಚೇರಿಯ ಕಥೆ. ಆ ಪದ ಹಲವು ಸಲ ಬರುತ್ತದೆ. ಆರ್ ಇದ್ದದ್ದು ಮೇಲ್ಮನವಿಯಲ್ಲಿ ಪಿಜಿ ಆಯಿತು. ಆಗ ಪಿಜಿ-13 ಅನ್ನುವ ಮೆಟ್ಟಿಲೇ ಇರಲಿಲ್ಲ, ಅದು ಬಂದದ್ದು 1984ರಲ್ಲಿ. 2013ರ ‘ಫಿಲೊಮಿನಾ’ದಲ್ಲಿ ಬರೀ ಎರಡೇ ಸಲ. ಅದಕ್ಕೂ ಮೊದಲು ಆರ್ ಕೊಟ್ಟು, ಆಮೇಲೆ ಪಿಜಿ-13 ಮಾಡಿದರು.

ತುಂಗಾ_ತೀರ

ನಲವತ್ತು ಸಲ ಇದ್ದದ್ದು ಪಾರಾಯಿತು, ರಾಜನದ್ದು ಪಾರಾಗಲಿಲ್ಲ! ಇದನ್ನು ನಿಯಮ ಅಂತ ಕರೆಯಬೇಕಾ?

ಡಬ್ಬಿಂಗ್_ಮೇಜು

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಈಗ ವಿನಯಾ ಮೇಡಂ ಕೇಳಿದ್ದಕ್ಕೆ ಬರುತ್ತೇನೆ. ರಾಜನ ಸಿನಿಮಾವನ್ನು ಎರಡೂ ಕಡೆಯ ತಕ್ಕಡಿಯಲ್ಲಿ ಇಟ್ಟು ನೋಡೋಣ.

ದೃಶ್ಯ ನೆನಪಿಸಿಕೊಳ್ಳಿ. ಚಿಕಿತ್ಸಕ ಲೋಗ್, ರಾಜನನ್ನು ಬೇಕಂತಲೇ ಕೆಣಕುತ್ತಾನೆ. ಸಿಟ್ಟಿನಲ್ಲಿ ಬೈಯುವಾಗ ರಾಜ ತೊದಲುವುದಿಲ್ಲ ಅಂತ ಅವನಿಗೆ ಹೊಳೆದಿರುತ್ತದೆ. ಇನ್ನೂ ಬೈ, ಇನ್ನೂ ಬೈ ಅಂತ ಹುರಿದುಂಬಿಸುತ್ತಾನೆ. ರಾಜ ಮೊದಲು ಮುಜುಗರಪಡುತ್ತಾನೆ, ಆಮೇಲೆ ಒಂದರ ಹಿಂದೆ ಒಂದು ಉದುರಿಸುತ್ತಾನೆ. ಎರಡನೇ ಸಲ 1939ರ ಯುದ್ಧದ ಭಾಷಣದ ತಾಲೀಮಿನಲ್ಲಿ. ಮಾತು ಸಿಕ್ಕಿಕೊಂಡ ಕಡೆಯಲ್ಲೆಲ್ಲ ಒಂದು ಬೈಗುಳ ತುರುಕಿ ಮುಂದಕ್ಕೆ ಹೋಗುತ್ತಾನೆ.

ಅಮೆರಿಕದ ತಕ್ಕಡಿ: ಪದ ಲೈಂಗಿಕ ಅರ್ಥದಲ್ಲಿ ಬಂದಿದೆಯಾ? ಇಲ್ಲ, ಬರೀ ಉದ್ಗಾರ. ಒಂದೇ ಸಲವಾ? ಅಲ್ಲ. ಅಲ್ಲಿಗೆ ಆರ್ ತಾನಾಗಿ ಬಂದು ಕೂರುತ್ತದೆ. ಇಳಿಸಬೇಕಾದರೆ ಆ ಮೂರನೇ ಮಾತು ಬೇಕು. ‘ಕಿವಿಗೆ ಬೀಳುವುದಿಲ್ಲ’ ಅನ್ನಲು ಸಾಧ್ಯವೇ ಇಲ್ಲ, ಇಡೀ ದೃಶ್ಯ ನಿಂತಿರುವುದೇ ಆ ಪದದ ಮೇಲೆ. ಉಳಿದದ್ದು ಸಂದರ್ಭ. ಅದಕ್ಕೆ ಬೇಕಾದಷ್ಟು ಬೆಂಬಲ ಸಿಗಲಿಲ್ಲ. ಮೇಲ್ಮನವಿಯೂ ಬಿತ್ತು. ಆಮೇಲೆ 2011ರ ಏಪ್ರಿಲ್‌ನಲ್ಲಿ ವಿತರಕರು ಕೆಲವು ಪದಗಳ ದನಿ ಅಡಗಿಸಿ ಪಿಜಿ-13 ಆವೃತ್ತಿ ಬಿಟ್ಟರು. ಕತ್ತರಿ ಹಾಕುವುದು ನಿರ್ದೇಶಕರಿಗೆ ಇಷ್ಟವಿರಲಿಲ್ಲ.

ಬ್ರಿಟನ್ನಿನಲ್ಲಿ ‘ಇಷ್ಟು ಸಲಕ್ಕೆ ಇಷ್ಟು’ ಅಂತ ಬರೆದಿಟ್ಟ ಸಂಖ್ಯೆ ಇಲ್ಲ. ಆ ಪದ ಅವರ ಲೆಕ್ಕದಲ್ಲೂ ‘ಗಟ್ಟಿ’ ಪದವೇ. ಸಾಮಾನ್ಯವಾಗಿ ಅದಕ್ಕೆ 15. ಆದರೆ 12ಎ ಒಳಗೂ ಬಿಡಬಹುದು. ಯಾರು ಹೇಳಿದರು, ಯಾರಿಗೆ ಹೇಳಿದರು, ಹೇಗೆ ಹೇಳಿದರು, ಎಷ್ಟು ಸಲ, ಬೇರೆ ಏನಾದರೂ ಅದನ್ನು ಸಮರ್ಥಿಸುತ್ತದಾ ಅಂತ ನೋಡುತ್ತಾರೆ. ಇಲ್ಲಿ ರಾಜ ಯಾರಿಗೂ ಬೈಯುತ್ತಿಲ್ಲ, ಗಾಳಿಗೆ ಬೈಯುತ್ತಿದ್ದಾನೆ. ಹೆದರಿಸುವುದಿಲ್ಲ. ಇಡೀ ಸಿನಿಮಾದಲ್ಲಿ ಎರಡೇ ಕಡೆ ಒಟ್ಟಾಗಿ ಬಂದು ಹೋಗುತ್ತದೆ.

ಆದರೂ ಅವರು ಮೊದಲು ಕೊಟ್ಟದ್ದು 15! ವಿತರಕರು ಮತ್ತೊಮ್ಮೆ ನೋಡಿ ಅಂತ ಕೇಳಿದ ಮೇಲೆ 12ಎ ಆಯಿತು. ಜೊತೆಗೆ, ಮಾತಿನ ಚಿಕಿತ್ಸೆಯ ಸಂದರ್ಭದಲ್ಲಿ ಗಟ್ಟಿ ಭಾಷೆ ಇದೆ ಅಂತ ಎಚ್ಚರಿಕೆಯ ಸಾಲು ಹಾಕಿದರು. ‘ಭಾಷೆ ಒರಟು’ ಅಂತ ಬರೆದು ಬಿಡಬಹುದಿತ್ತು. ಸಂದರ್ಭವನ್ನೂ ಸೇರಿಸಿದ್ದರಿಂದ ಪೋಷಕರಿಗೆ ಏನು ಕಾದಿದೆ ಅಂತ ಗೊತ್ತಾಗುತ್ತದೆ. ರೇಟಿಂಗಿನ ಅಕ್ಷರಕ್ಕಿಂತ ಆ ಒಂದು ಸಾಲನ್ನು ನಾನು ಜಾಸ್ತಿ ನಂಬುತ್ತೇನೆ.

ತುಂಗಾ_ತೀರ

ಅಂದರೆ ಬ್ರಿಟನ್ನಿನವರೂ ಮೊದಲು ಎಣಿಸಿಯೇ 15 ಕೊಟ್ಟಿದ್ದು. ಕೇಳಿದ ಮೇಲೆ ‘ಸಂದರ್ಭ’ ನೆನಪಾಯಿತು.

ಅದೇ ವರ್ಷ, 2010ರಲ್ಲಿ, ‘ಮೇಡ್ ಇನ್ ಡಾಗೆನ್‌ಹ್ಯಾಮ್’ ಬಂತು. ಕಾರ್ಖಾನೆಯ ಹೆಂಗಸರು ಸಮಾನ ಕೂಲಿಗೆ ಮುಷ್ಕರ ಮಾಡುವ ಕಥೆ. ಅದೇ ಮಂಡಳಿ ಅದಕ್ಕೆ ಕೊಟ್ಟದ್ದು 15, ಕಾರಣ ಗಟ್ಟಿ ಭಾಷೆ. ರಾಜ ಬೈದರೆ ಚಿಕಿತ್ಸೆ, ಕೂಲಿ ಹೆಂಗಸು ಬೈದರೆ ಕೆಟ್ಟ ಮಾತು. ಸಂದರ್ಭ ಅನ್ನುವುದು ಕೊನೆಗೆ ಯಾರ ಬಾಯಿ ಅನ್ನುವ ಪ್ರಶ್ನೆಯಾಗಿಬಿಡುತ್ತದೆ.

ಡಬ್ಬಿಂಗ್_ಮೇಜು

ಮಂಡಳಿ ಪರ ವಾದ ಮಾಡುವುದಾದರೆ ಹೀಗೆ ಹೇಳಬಹುದು. ಕಾರ್ಖಾನೆ ಸಿನಿಮಾದಲ್ಲಿ ಆ ಪದ ದಿನನಿತ್ಯದ ಮಾತಿನಲ್ಲಿ ಉದ್ದಕ್ಕೂ ಹರಡಿಕೊಂಡಿದೆ. ನೋಡುವ ಹುಡುಗನಿಗೆ ದೊಡ್ಡವರು ಮಾತಾಡುವುದೇ ಹೀಗೆ ಅನ್ನಿಸುತ್ತದೆ. ರಾಜನ ಸಿನಿಮಾದಲ್ಲಿ ಅದು ಆಡಬಾರದ ಮಾತು ಅನ್ನುವುದು ದೃಶ್ಯದೊಳಗೇ ಇದೆ. ಆಡಬಾರದ್ದು ಅಂತ ಇರುವುದಕ್ಕೇ ಅದು ತಮಾಷೆ.

ಇಷ್ಟು ಹೇಳಿಯೂ, ನಿಮ್ಮ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಕೂಲಿಗಳ, ಸೈನಿಕರ, ಬಡ ಬಡಾವಣೆಯ ಕಥೆ ಹೇಳುವ ಸಿನಿಮಾಗಳಿಗೆ ಭಾಷೆಯ ಕಾರಣಕ್ಕೆ ಜಾಸ್ತಿ ಪೆಟ್ಟು ಬೀಳುವುದು ನಿಜ. ಅವರ ಮಾತಿನಲ್ಲಿ ಆ ಪದ ಇರುತ್ತದೆ. ತೆಗೆದರೆ ಸುಳ್ಳಾಗುತ್ತದೆ.

ಕಾವ್ಯ_ಎರಡುಮಕ್ಕಳು

ನಮ್ಮನೆ ಕಥೆ ಕೇಳಿ. ಮಗನಿಗೆ ಒಂಬತ್ತು ವರ್ಷ. 12ಎ ಇರುವ ಒಂದು ಸೂಪರ್‌ಹೀರೋ ಸಿನಿಮಾ ನೋಡಿ ಬಂದೆವು. ಅದರಲ್ಲಿ ಒಂದು ಭಾರೀ ಪದ ಇತ್ತು. ನಾನು ಸೀಟಿನಲ್ಲಿ ಮುದುಡಿಕೊಂಡೆ. ಅವನಿಗೆ ಅದು ಗೊತ್ತೇ ಆಗಲಿಲ್ಲ, ಗದ್ದಲದಲ್ಲಿ ಹೋಯಿತು.

ಅವನು ಹಿಡಿದುಕೊಂಡು ಬಂದದ್ದು ಬೇರೆ. ಒಂದು ಪಾತ್ರ ಇನ್ನೊಂದಕ್ಕೆ ‘ಬಾಯ್ಮುಚ್ಚು, ದಡ್ಡ’ ಅಂತ ನಗುನಗುತ್ತಾ ನಾಲ್ಕೈದು ಸಲ ಹೇಳುತ್ತದೆ. ಮೂರು ವಾರ ತಂಗಿಗೆ ಅದೇ ಅಂದುಕೊಂಡು ಓಡಾಡಿದ. ಈ ಮಂಡಳಿಯವರು ಅದನ್ನು ಎಣಿಸುತ್ತಾರಾ? ಎಣಿಸುವುದಿಲ್ಲ ಅಂದರೆ ಅವರ ರೇಟಿಂಗ್ ನನ್ನಂಥವರಿಗೆ ಏನು ಉಪಯೋಗ?

ಹಳೇ_ಪ್ರೇಕ್ಷಕ

ಇದು ಸರಿಯಾದ ಮಾತು ತಾಯಿ. ನಾನು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಮಕ್ಕಳು ದೊಡ್ಡ ಬೈಗುಳ ಸಿನಿಮಾದಿಂದ ಕಲಿಯುವುದು ಕಮ್ಮಿ. ಅದನ್ನು ಆಟದ ಮೈದಾನವೇ ಕಲಿಸಿರುತ್ತದೆ. ಸಿನಿಮಾದಿಂದ ಕಲಿಯುವುದು ಬೈಯುವ ಶೈಲಿ. ಹುಬ್ಬು ಹಾರಿಸಿ, ಕೈ ಬೀಸಿ ಹೇಳುತ್ತಾರಲ್ಲ, ಅದು.

ಡಬ್ಬಿಂಗ್_ಮೇಜು

ಕಾವ್ಯ ಮೇಡಂ, ಆ ‘ಎಫ್’ ಪದದ ಲೆಕ್ಕವೆಲ್ಲ ಹದಿಹರೆಯದ ಗಡಿಯದ್ದು. ಪಿಜಿ-13 ಮತ್ತು ಆರ್ ನಡುವೆ, 12ಎ ಮತ್ತು 15ರ ನಡುವೆ. ಚಿಕ್ಕ ಮಕ್ಕಳ ಗಡಿಯಲ್ಲಿ ಆ ಪದ ಬರುವುದೇ ಇಲ್ಲ, ಹಾಗಾಗಿ ಅಲ್ಲಿ ತೂಗುವುದು ಸಣ್ಣ ಪದಗಳನ್ನು.

ಬ್ರಿಟನ್ನಿನಲ್ಲಿ ಯು ಸಿಗಬೇಕಾದರೆ ಬಹಳ ಮೆದುವಾದ ಬೈಗುಳ ಅಪರೂಪಕ್ಕೆ ಬರಬಹುದು, ಅಷ್ಟೇ. ಪಿಜಿಗೆ ಬಂದರೆ ಮೆದು ಬೈಗುಳ ನಡೆಯುತ್ತದೆ. ಅಮೆರಿಕದಲ್ಲಿ ಎಲ್ಲ ವಯಸ್ಸಿನವರಿಗೂ ಅನ್ನುವ ಜಿ ರೇಟಿಂಗಿನಲ್ಲೂ ಸಭ್ಯ ಮಾತಿಗಿಂತ ಚೂರು ಆಚೆ ಹೋಗಬಹುದು, ಆದರೆ ಎಲ್ಲರೂ ದಿನಾ ಆಡುವ ಮಾತೇ ಆಗಿರಬೇಕು.

ಒಂದು ಉದಾಹರಣೆ. ‘ವಾಟರ್‌ಶಿಪ್ ಡೌನ್’ ಅಂತ ಮೊಲಗಳ ಕಾರ್ಟೂನ್ ಸಿನಿಮಾ, 1978ರದ್ದು. ದಶಕಗಳ ಕಾಲ ಅದಕ್ಕೆ ಬ್ರಿಟನ್ನಿನಲ್ಲಿ ಯು ಇತ್ತು. ಇತ್ತೀಚೆಗೆ ಮತ್ತೆ ನೋಡಿ ಪಿಜಿ ಮಾಡಿದರು. ಹಿಂಸೆ, ರಕ್ತ ಮುಖ್ಯ ಕಾರಣ. ಜೊತೆಗೆ ಭಾಷೆಯನ್ನೂ ಸೇರಿಸಿದರು. ಅದರಲ್ಲಿ ಒಂದು ಕಡಲ ಹಕ್ಕಿ, ‘ತೊಲಗು’ ಅನ್ನುವುದನ್ನು ಉಚ್ಚೆಯ ಪದ ಸೇರಿಸಿ ಹೇಳುತ್ತದೆ. ಹಕ್ಕಿ ಅದೇ, ಮಾತು ಅದೇ. ತಕ್ಕಡಿ ಬದಲಾಯಿತು.

2024ರಲ್ಲಿ ‘ಮೇರಿ ಪಾಪಿನ್ಸ್’ಗೂ ಹೀಗೇ ಆಯಿತು. ಯು ಇದ್ದದ್ದು ಪಿಜಿ ಆಯಿತು. ಅಲ್ಲಿ ಹೊಲಸು ಮಾತು ಒಂದೂ ಇಲ್ಲ. ಒಬ್ಬ ಮುದುಕ ಆಫ್ರಿಕಾದ ಒಂದು ಜನಾಂಗವನ್ನು ಕೀಳಾಗಿ ಕರೆಯುವ ಹಳೇ ಪದ ಬಳಸುತ್ತಾನೆ. ಮಗು ಅದನ್ನು ತಮಾಷೆ ಅಂದುಕೊಂಡು ಎತ್ತಿಕೊಳ್ಳಬಹುದು ಅನ್ನುವ ಭಯ. 1964ರಲ್ಲಿ ಅದು ಯಾರ ಕಿವಿಗೂ ಚುಚ್ಚಿರಲಿಲ್ಲ.

‘ದಡ್ಡ’ ಅನ್ನುವುದನ್ನು ಎಣಿಸುತ್ತಾರಾ ಅಂದರೆ, ಒಂದೊಂದಾಗಿ ಎಣಿಸಲಿಕ್ಕಿಲ್ಲ. ಗೇಲಿ ಮಾಡುವುದೇ ಸಿನಿಮಾದ ಧಾಟಿಯಾಗಿದ್ದರೆ ಗಮನಿಸುತ್ತಾರೆ. 12ಎ ಸಿನಿಮಾದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಷ್ಟು ಎತ್ತರಕ್ಕೆ ಹೋದ ಮೇಲೆ ಸಣ್ಣ ಪದಕ್ಕೆ ತೂಕವೇ ಇಲ್ಲ.

ಕಾವ್ಯ_ಎರಡುಮಕ್ಕಳು

ಸರಿ. ಆದರೆ ನನ್ನ ಮನೆಯಲ್ಲಿ ಮೂರು ವಾರ ತೂಕ ಇತ್ತು 🙂

ನಕ್ಷತ್ರ_ಸಬ್ಸ್

ನಾನು ಸಬ್‌ಟೈಟಲ್ ಬರೆಯುವವಳು. ನನ್ನಿಂದಲೇ ಒಂದು ಸಿನಿಮಾಕ್ಕೆ ಪೆಟ್ಟು ಬಿದ್ದಿದೆ. ಹೇಳಿಬಿಡುತ್ತೇನೆ.

ಕನ್ನಡದ ಒಂದು ಸಣ್ಣ ಸಿನಿಮಾ, ಮಕ್ಕಳ ಕಥೆ. ಅಜ್ಜ ಪದೇ ಪದೇ ‘ಥತ್ ಇದರ’ ಅನ್ನುತ್ತಾನೆ. ಇಂಗ್ಲಿಷ್ ಸಬ್‌ಟೈಟಲಿನಲ್ಲಿ ಖಾರ ಬರಲಿ ಅಂತ ನಾನು ಎರಡು ಕಡೆ ‘ಎಸ್’ ಪದ ಹಾಕಿದೆ, ಅದೇ ಮಲದ ಪದ. ಉಳಿದ ಕಡೆ ಮೆದುವಾಗಿ ಬರೆದಿದ್ದೆ. ಹೊರದೇಶದ ಒಂದು ಮಂಡಳಿಗೆ ಅದು ಹೋಯಿತು. ನಿರ್ಮಾಪಕರು ಅಂದುಕೊಂಡದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನ ರೇಟಿಂಗ್ ಬಂತು. ಕಾರಣ ಭಾಷೆ!

ನಿರ್ದೇಶಕರು ಫೋನ್ ಮಾಡಿ, ‘ಅಜ್ಜ ಬೈಯುವುದೇ ಇಲ್ಲವಲ್ಲ ಮೇಡಂ, ಯಾರು ಬೈದರು?’ ಅಂತ ಕೇಳಿದರು. ಬೈದದ್ದು ನಾನು. ನೋಡಿದವರಿಗೆ ಕನ್ನಡ ಬರುವುದಿಲ್ಲ. ಅವರು ತೂಗಿದ್ದು ಪರದೆಯ ಕೆಳಗೆ ಬರೆದಿದ್ದ ಪದವನ್ನು. ಆ ಎರಡು ಸಾಲು ತಿದ್ದಿ ಮತ್ತೆ ಕಳಿಸಿದೆವು, ಕೆಳಗಿನ ರೇಟಿಂಗ್ ಸಿಕ್ಕಿತು. ಶುಲ್ಕ ಮಾತ್ರ ಎರಡನೇ ಸಲ ಕಟ್ಟಬೇಕಾಯಿತು.

ಅಲ್ಲಿಂದಾಚೆ ನಾನು ಕೆಲಸ ಶುರು ಮಾಡುವ ಮುಂಚೆಯೇ ಕೇಳುತ್ತೇನೆ, ಯಾವ ರೇಟಿಂಗ್ ಬೇಕು ಅಂತ.

ಗಿರಿ_ರೀಲ್

ಅಯ್ಯೋ! ಹಾಗಾದರೆ ಉಲ್ಟಾನೂ ಆಗಬಹುದಲ್ವಾ? ಮೂಲದಲ್ಲಿ ಹೊಲಸು ಮಾತು, ಸಬ್‌ಟೈಟಲಿನಲ್ಲಿ ‘ಅಯ್ಯೋ ದೇವರೇ’ ಅಂತ ಹಾಕಿದರೆ ಯು ಸಿಗುತ್ತಾ?

ನಕ್ಷತ್ರ_ಸಬ್ಸ್

ಮಂಡಳಿಯಲ್ಲಿ ಆ ಭಾಷೆ ಬಲ್ಲವರು ಕೂತಿದ್ದರೆ ಸಿಗಲ್ಲ. ಇಲ್ಲದಿದ್ದರೆ ಏನಾಗುತ್ತೆ ಅಂತ ನಾನು ಪ್ರಯೋಗ ಮಾಡಿ ನೋಡಿಲ್ಲ, ನೋಡುವುದೂ ಇಲ್ಲ. ಭಾಷೆ ಬಲ್ಲ ಪೋಷಕರು ಮಕ್ಕಳ ಜೊತೆ ಕೂತು ಬೆಚ್ಚಿಬೀಳುತ್ತಾರೆ. ದೂರು ಬರುವುದು ಅಲ್ಲಿಂದ.

ಮನು_ಕಟ್ಟೆ

ಭಾರತದ ಸೆನ್ಸಾರ್ ಮಂಡಳಿ ಹೇಗೆ? ಅಲ್ಲೂ ಎಣಿಸುತ್ತಾರಾ? ನನಗೆ ಗೊತ್ತಿರುವುದು ಬೀಪ್ ಒಂದೇ.

ಡಬ್ಬಿಂಗ್_ಮೇಜು

ಮೂಲದಲ್ಲೇ ವ್ಯತ್ಯಾಸ ಇದೆ. ಅಮೆರಿಕದ ಮಂಡಳಿ ಸಿನಿಮಾವನ್ನು ಮುಟ್ಟುವುದಿಲ್ಲ. ‘ಹೀಗೇ ಇದ್ದರೆ ಆರ್’ ಅನ್ನುತ್ತದೆ, ತೆಗೆಯುವುದು ಬಿಡುವುದು ನಿಮ್ಮಿಷ್ಟ. ಭಾರತದ ಮಂಡಳಿ ಪದವನ್ನು ಮ್ಯೂಟ್ ಮಾಡಿ, ಬದಲಿಸಿ ಅಂತಲೂ ಹೇಳುತ್ತದೆ. 1991ರ ಮಾರ್ಗಸೂಚಿಯಲ್ಲಿ ಡಬಲ್ ಮೀನಿಂಗ್ ಮಾತಿನ ಬಗ್ಗೆಯೇ ಒಂದು ಅಂಶ ಇದೆ. ಅದರಲ್ಲೇ, ಸಿನಿಮಾವನ್ನು ಇಡಿಯಾಗಿ ನೋಡಿ ಒಟ್ಟು ಪರಿಣಾಮ ತೂಗಬೇಕು ಅಂತಲೂ ಇದೆ. ಈ ಎರಡೂ ಯಾವಾಗಲೂ ಒಂದೇ ದಿಕ್ಕಿಗೆ ಎಳೆಯುವುದಿಲ್ಲ.

2015ರಲ್ಲಿ ಬಳಸಬಾರದ ಪದಗಳ ಪಟ್ಟಿಯನ್ನೇ ಕಳಿಸಿದ್ದರು. ಗಲಾಟೆಯಾಗಿ ಅದನ್ನು ಬದಿಗಿಟ್ಟರು. ಪಟ್ಟಿಯ ತೊಂದರೆ ಏನೆಂದರೆ, ಒಂದೇ ಪದ ಒಂದು ಪ್ರದೇಶದಲ್ಲಿ ಅಕ್ಕರೆ, ಇನ್ನೊಂದರಲ್ಲಿ ಬೈಗುಳ. 2024ರ ಹೊಸ ನಿಯಮದಲ್ಲಿ ಯುಎ ಅನ್ನುವುದನ್ನು 7+, 13+, 16+ ಅಂತ ಮೂರು ಮಾಡಿದ್ದಾರೆ. ಮೊದಲು ಯು ಅಲ್ಲದ, ಎ ಅಲ್ಲದ ಎಲ್ಲವೂ ಒಂದೇ ಬುಟ್ಟಿಗೆ ಬೀಳುತ್ತಿತ್ತು. ಈಗ ಒರಟು ಪದವನ್ನು ಕತ್ತರಿಸುವ ಬದಲು 16+ಗೆ ತಳ್ಳುವ ದಾರಿಯಾದರೂ ಇದೆ. ಆ ದಾರಿ ಹಿಡಿಯುತ್ತಾರಾ ಅನ್ನುವುದು ಬೇರೆ ಮಾತು.

ವಿನಯಾ_ಎಸ್

ಮ್ಯೂಟ್ ಬಗ್ಗೆ ಒಂದು ಪ್ರಶ್ನೆ. ದನಿ ಅಡಗಿಸಿದರೂ ತುಟಿ ಕಾಣುತ್ತದಲ್ಲ? ಮಗಳು ತುಟಿ ನೋಡಿಯೇ ಹೇಳಿಬಿಡುತ್ತಾಳೆ.

ಡಬ್ಬಿಂಗ್_ಮೇಜು

ನನ್ನ ದಿನದ ಗೋಳೇ ಇದು ಮೇಡಂ. ‘ಎಫ್’ ಹೇಳುವಾಗ ಕೆಳತುಟಿ ಮೇಲಿನ ಹಲ್ಲಿಗೆ ತಾಗುತ್ತದೆ. ಹತ್ತಿರದ ಶಾಟ್ ಆದರೆ ಕಿವುಡನಿಗೂ ಕೇಳುತ್ತದೆ. ಪದದ ನಡುವಿನ ಸ್ವರ ಮಾತ್ರ ತೆಗೆದು ಆರಂಭದ ‘ಫ್’, ಕೊನೆಯ ‘ಕ್’ ಬಿಟ್ಟರೆ ನೋಡುವವರ ಮನಸ್ಸೇ ಉಳಿದದ್ದನ್ನು ತುಂಬಿಕೊಳ್ಳುತ್ತದೆ. ತೆಗೆದದ್ದೂ ಒಂದೇ, ಬಿಟ್ಟದ್ದೂ ಒಂದೇ.

ಅದಕ್ಕೇ ನಾವು ಮಾಡುವುದು ಎರಡು. ಒಂದು, ಅದೇ ಕ್ಷಣಕ್ಕೆ ಎದುರಿನವನ ಮುಖಕ್ಕೋ ಮಾತಾಡುವವನ ಬೆನ್ನಿಗೋ ಶಾಟ್ ಬದಲಿಸುವುದು. ಆಗ ತುಟಿಯೇ ಇಲ್ಲ. ಎರಡು, ನಟನನ್ನು ಕರೆದು ‘ಎಫ್’ನಿಂದಲೇ ಶುರುವಾಗುವ ಮೆದು ಪದ ಹೇಳಿಸುವುದು. ‘ಫ್ರೀಕಿಂಗ್’ ಅಷ್ಟೊಂದು ಕೇಳುವುದು ಇದಕ್ಕೇ, ತುಟಿಗೆ ಕೂರುತ್ತದೆ.

ದನಿ ಪೂರ್ತಿ ಹೋಗಿ ತುಟಿ ಮಾತ್ರ ಉಳಿದರೂ ಮಂಡಳಿಯವರು ಗಮನಿಸುತ್ತಾರೆ. ಗೋಡೆಯ ಮೇಲೆ ಬರೆದ ಪದ, ಅಂಗಿಯ ಮೇಲಿನ ಪದ, ಹಿನ್ನೆಲೆ ಹಾಡಿನ ಪದ, ಇದನ್ನೆಲ್ಲ ನಾನು ಲೆಕ್ಕದಲ್ಲಿ ಬರೆಯುತ್ತೇನೆ. ಹಾಡು ಜನ ಮರೆಯುವ ಜಾಗ. ನಟರ ಬಾಯಿಯಲ್ಲಿ ಒಂದೂ ಇಲ್ಲ ಅಂತ ನಿಶ್ಚಿಂತೆಯಿಂದ ಕೂತಿರುತ್ತಾರೆ, ಕಾರಿನ ರೇಡಿಯೋದಲ್ಲಿ ಎರಡು ಇರುತ್ತದೆ.

ತುಂಗಾ_ತೀರ

ಇದನ್ನೆಲ್ಲ ಕೇಳಿದ ಮೇಲೆ ‘ಬುಲ್ಲಿ’ ನೆನಪಾಯಿತು. ಶಾಲಾ ಮಕ್ಕಳನ್ನು ಸಹಪಾಠಿಗಳು ಪೀಡಿಸುವ ಬಗ್ಗೆ ಸಾಕ್ಷ್ಯಚಿತ್ರ. ಶಾಲಾ ಬಸ್ಸಿನಲ್ಲಿ ಒಬ್ಬ ಹುಡುಗನಿಗೆ ಉಳಿದವರು ಆ ಪದ ಬಳಸಿ ಬೈದು ಹೆದರಿಸುತ್ತಾರೆ. ಅದಕ್ಕೆ ಅಮೆರಿಕದ ಮಂಡಳಿ ಆರ್ ಕೊಟ್ಟಿತು. ಯಾವ ಮಕ್ಕಳ ಕಥೆಯೋ ಆ ಮಕ್ಕಳೇ ಒಬ್ಬರೇ ಹೋಗಿ ನೋಡುವಂತಿಲ್ಲ. ಶಾಲೆಯಲ್ಲಿ ತೋರಿಸುವುದೂ ಕಷ್ಟ. ಮೇಲ್ಮನವಿ ಒಂದೇ ಒಂದು ಮತದಲ್ಲಿ ಬಿತ್ತು. ವಿತರಕರು 2012ರ ಮಾರ್ಚ್‌ನಲ್ಲಿ ರೇಟಿಂಗೇ ಇಲ್ಲದೆ ಬಿಡುಗಡೆ ಮಾಡಿದರು.

ಡಬ್ಬಿಂಗ್_ಮೇಜು

ಆಮೇಲೆ ಆದದ್ದೇ ಸ್ವಾರಸ್ಯ. ಬೇರೆ ಕಡೆಯಿಂದ ಆ ಪದವನ್ನು ಮೂರು ಸಲ ತೆಗೆದರು. ಬಸ್ಸಿನ ದೃಶ್ಯದಲ್ಲಿ ಮೂರು ಸಲ ಹಾಗೇ ಬಿಟ್ಟರು. ಮಂಡಳಿ ಅದಕ್ಕೆ ಪಿಜಿ-13 ಕೊಟ್ಟಿತು. ಒಂದಕ್ಕಿಂತ ಜಾಸ್ತಿ ಇದ್ದರೆ ಆರ್ ಅನ್ನುವ ನಿಯಮದ ಎದುರಿಗೇ ಮೂರು ಉಳಿದಿದೆ! ಬಸ್ಸಿನ ದೃಶ್ಯದಲ್ಲಿ ಪದ ತೆಗೆದರೆ ಪೀಡನೆ ಏನು ಅಂತಲೇ ಗೊತ್ತಾಗುವುದಿಲ್ಲ ಅನ್ನುವುದು ಕೊನೆಗೆ ಅವರಿಗೂ ಒಪ್ಪಿಗೆಯಾಯಿತು.

ಒಂದು ವಿಚಿತ್ರ ನೋಡಿ. ರಾಜ ಯಾರಿಗೂ ಬೈಯುತ್ತಿರಲಿಲ್ಲ, ಅದಕ್ಕೇ ಬ್ರಿಟನ್ನಿನವರು ಇಳಿಸಿದರು. ಇಲ್ಲಿ ಬೈಗುಳ ನೇರವಾಗಿ ಒಂದು ಮಗುವಿನ ಮುಖಕ್ಕೇ ಬೀಳುತ್ತದೆ. ಆದರೂ ಅದೇ ಉಳಿಯಿತು. ಸಂದರ್ಭ ಅಂದಾಗ ಎರಡು ಸಿನಿಮಾದಲ್ಲಿ ಎರಡು ಅರ್ಥ.

ಗಿರಿ_ರೀಲ್

ನನ್ನ ಮಾತು ನಾನೇ ತಿದ್ದಿಕೊಳ್ಳುತ್ತೇನೆ. ಆದರೂ ಸಂಖ್ಯೆಯ ನಿಯಮ ಇರಲಿ ಅನ್ನುವವನು ನಾನು. ಸಣ್ಣ ನಿರ್ಮಾಪಕನಿಗೆ ಮೇಲ್ಮನವಿ, ವಕೀಲರು, ಪತ್ರಿಕೆಗಳ ಗಲಾಟೆ ಎಲ್ಲ ಎಲ್ಲಿಂದ ಬರಬೇಕು? ಒಂದು ಅಂತ ಗೊತ್ತಿದ್ದರೆ ಬರೆಯುವಾಗಲೇ ಒಂದಕ್ಕೆ ನಿಲ್ಲಿಸುತ್ತಾನೆ. ‘ಸಂದರ್ಭ ನೋಡುತ್ತೇವೆ’ ಅಂದರೆ ಸಿನಿಮಾ ಮುಗಿಸಿ ಕೊಡುವವರೆಗೂ ಏನು ಸಿಗುತ್ತದೆ ಅಂತ ಗೊತ್ತಾಗಲ್ಲ.

ತುಂಗಾ_ತೀರ

ಸಂಖ್ಯೆ ಇಟ್ಟದ್ದರಿಂದಲೇ ಆ ಒಂದನ್ನು ಎಲ್ಲರೂ ತುರುಕುವುದು. ಬೇಕಿಲ್ಲದ ಕಡೆಯೂ ಹಾಕುತ್ತಾರೆ. ಕೋಟಾ ಅಂತ ನೀವೇ ಅಂದಿರಲ್ಲ.

ವಿನಯಾ_ಎಸ್

ನಿನ್ನೆ ರಾತ್ರಿ ಕೊನೆಗೂ ಮಗಳ ಜೊತೆ ನೋಡಿದೆ. ಕತ್ತರಿಸದ ಆವೃತ್ತಿಯೇ. ಮೊದಲ ಬೈಗುಳದ ದೃಶ್ಯಕ್ಕೆ ನಕ್ಕಳು, ನಾನೂ ನಕ್ಕೆ. ಆಮೇಲೆ ಅವಳು, ‘ಅಮ್ಮ, ಒಟ್ಟು ಎಷ್ಟು ಸಲ ಹೇಳಿದ?’ ಅಂತ ಕೇಳಿದಳು. ಇಬ್ಬರೂ ಹಿಂದಕ್ಕೆ ತಿರುಗಿಸಿ ಎಣಿಸಿದೆವು. ಅವಳ ಲೆಕ್ಕವೇ ಬೇರೆ, ನನ್ನ ಲೆಕ್ಕವೇ ಬೇರೆ ಬಂತು. ಒಂದಕ್ಕೊಂದು ಅಂಟಿಸಿ ಹೇಳಿದ್ದನ್ನು ಅವಳು ಒಂದೇ ಅಂತ ಹಿಡಿದಿದ್ದಾಳೆ, ನಾನು ಬಿಡಿ ಬಿಡಿ ಎಣಿಸಿದ್ದೇನೆ. ಮಂಡಳಿಯವರು ಇದನ್ನು ಹೇಗೆ ಎಣಿಸುತ್ತಾರೆ?

ಡಬ್ಬಿಂಗ್_ಮೇಜು

ಪ್ರತಿ ಸಲ ಬಾಯಿ ತೆರೆದದ್ದೂ ಒಂದು ಅಂತ ನಾನು ಹಿಡಿಯುತ್ತೇನೆ. ಎರಡು ಅಂತ ಬಂದ ಮೇಲೆ ಅಮೆರಿಕದಲ್ಲಿ ಮುಂದಿನ ಲೆಕ್ಕಕ್ಕೆ ಅಷ್ಟು ಬೆಲೆ ಇಲ್ಲ, ಹಾಗಾಗಿ ರಾಜನ ವಿಷಯದಲ್ಲಿ ನಿಮ್ಮಿಬ್ಬರಲ್ಲಿ ಯಾರು ಸರಿಯಾದರೂ ನಡೆಯುತ್ತದೆ.

ನನಗೆ ತಲೆನೋವು ಇರುವುದು ಒಂದಾ ಎರಡಾ ಅನ್ನುವ ಕಡೆ. ಈಗ ಮೇಜಿನ ಮೇಲೆ ಒಂದು ಸಿನಿಮಾ ಇದೆ. ನಾಲ್ಕನೇ ರೀಲಿನಲ್ಲಿ ಇಬ್ಬರು ಒಟ್ಟಿಗೆ ಕಿರುಚುತ್ತಾರೆ. ಒಬ್ಬನದ್ದು ಸ್ಪಷ್ಟ. ಇನ್ನೊಬ್ಬನದ್ದು ಬಾಗಿಲು ಬಡಿದ ಸದ್ದಿನಲ್ಲಿ ಮುಳುಗಿದೆ. ನಾನು ಒಂದು ಅಂತ ಬರೆದಿದ್ದೇನೆ. ನನ್ನ ಅಸಿಸ್ಟೆಂಟ್ ಹೆಡ್‌ಫೋನ್ ಹಾಕಿಕೊಂಡು ಎರಡು ಅನ್ನುತ್ತಿದ್ದಾನೆ. ಬಾಗಿಲಿನ ಸದ್ದನ್ನು ಇನ್ನಷ್ಟು ಏರಿಸೋಣ ಅಂದೆ. ನಿರ್ದೇಶಕರು ಬೇಡ ಅನ್ನುತ್ತಿದ್ದಾರೆ.